ಅಗುಳು ಅಂಟಿಸಿದ ಕಾಗದ: ಒಂದು ಕತೆ ತಿದ್ದಿದ ಬಗೆ

ಹೆಂಡತಿ ತೀರಿಕೊಂಡ ಮೇಲೆ, ಅವಳು ಬರೆದು ಕಳಿಸದೇ ಇಟ್ಟಿದ್ದ ಪ್ರೇಮಪತ್ರಗಳು ಗಂಡನ ಕೈಗೆ ಸಿಗುತ್ತವೆ. ಈ ಎಳೆಯ ಮೇಲೆ ಕತೆ ಬರೆಯುವುದು ಸುಲಭ ಅನ್ನಿಸುತ್ತದೆ. ಕೆಡಿಸುವುದೂ ಅಷ್ಟೇ ಸುಲಭ. ಮಡಿಕೇರಿಯಲ್ಲಿ ನಾವು ಕೆಲವರು ಸೇರಿ ಕತೆ ಓದುವ ಕೂಟ ನಡೆಸುತ್ತೇವೆ. ಸೋಮವಾರಪೇಟೆ ಕಡೆಯ ಶಾಲಾ ಶಿಕ್ಷಕಿಯೊಬ್ಬರು ಅಲ್ಲಿಗೆ ಇಂಥದೊಂದು ಕತೆ ತಂದರು. ಅದರ ಮೊದಲ ಕರಡು ಹೇಗಿತ್ತು, ಎಲ್ಲಿ ಎಡವಿತು, ಏನು ಮಾಡಿದ ಮೇಲೆ ನಿಂತುಕೊಂಡಿತು ಅನ್ನುವುದನ್ನು ಅವರ ಒಪ್ಪಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಕತೆಯ ಮನುಷ್ಯ ಈರಪ್ಪ. ಸೈನ್ಯದಿಂದ ಹವಾಲ್ದಾರ್ ಆಗಿ ನಿವೃತ್ತಿಯಾದವರು. ಶಾಂತಳ್ಳಿ ಕಡೆ ಸ್ವಲ್ಪ ಕಾಫಿ ತೋಟ, ಒಂದಿಷ್ಟು ಗದ್ದೆ. ವಯಸ್ಸು ಎಪ್ಪತ್ತು ದಾಟಿದೆ. ಹೆಂಡತಿ ಪಾರ್ವತಿ ತೀರಿಕೊಂಡು ಕೆಲವು ತಿಂಗಳಾಗಿವೆ. ಮಗಳು ಮೈಸೂರಿನಲ್ಲಿದ್ದಾಳೆ. ಮೊದಲ ಕರಡಿನಲ್ಲಿ ಒಂದು ಮಳೆಯ ಸಂಜೆ ಅವರು ಹೆಂಡತಿಯ ಬೀರು ತೆಗೆಯುತ್ತಾರೆ. ಸೀರೆಗಳ ಕೆಳಗೆ ರಿಬ್ಬನ್ ಕಟ್ಟಿದ ನೀಲಿ ಇನ್‌ಲ್ಯಾಂಡ್ ಲೆಟರ್‌ಗಳ ಕಟ್ಟು. ಎಲ್ಲವೂ ಅವರ ಹೆಸರಿಗೇ ಬರೆದವು, ಒಂದನ್ನೂ ಅಂಚೆಗೆ ಹಾಕಿಲ್ಲ. ಅವರು ಓದುತ್ತಾರೆ, ಅಳುತ್ತಾರೆ. ಕೊನೆಗೆ ಕಾಗದಗಳನ್ನೆಲ್ಲ ಒಂದೊಂದಾಗಿ ಹೊಳೆಗೆ ಬಿಡುತ್ತಾರೆ.

ಓದಿ ಮುಗಿಸಿದಾಗ ಕೂಟದಲ್ಲಿ ಎಲ್ಲರೂ ಚೆನ್ನಾಗಿದೆ ಅಂದರು. ಯಾರಿಗೂ ಏನೂ ಆಗಿರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಕತೆಯ ಅರ್ಧದಷ್ಟು ಕಾಗದಗಳೇ ಇದ್ದವು. ಅವುಗಳಲ್ಲಿ 'ನೀವಿಲ್ಲದ ಈ ಮನೆ ಮನೆಯಲ್ಲ' ಎನ್ನುವಂಥ ಸಾಲುಗಳು. ತಪ್ಪೇನಿಲ್ಲ, ಆದರೆ ಆ ಸಾಲನ್ನು ಧಾರವಾಡದ ಹೆಂಡತಿಯೂ ಬರೆಯಬಹುದು, ದುಬೈನಲ್ಲಿ ಗಂಡನಿರುವ ಮಂಗಳೂರಿನವಳೂ ಬರೆಯಬಹುದು. ಕಾಗದವನ್ನು ಎತ್ತಿ ಬೇರೆ ಮನೆಯಲ್ಲಿಟ್ಟರೂ ಏನೂ ಬದಲಾಗುವುದಿಲ್ಲ ಅಂದರೆ ಅದನ್ನು ಇನ್ನೂ ಬರೆದಾಗಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪಾರ್ವತಿ ಕಾಗದ ಯಾಕೆ ಕಳಿಸಲಿಲ್ಲ? ಕರಡಿನಲ್ಲಿ ಇದಕ್ಕೆ ಉತ್ತರವಾಗಿ ಇದ್ದದ್ದು 'ನಾಚಿಕೆ' ಅಷ್ಟೇ. ನಾಚಿಕೆಯವಳು ಒಂದು ಕಾಗದ ಬರೆದು ಹರಿದು ಹಾಕಬಹುದು. ವರ್ಷಗಟ್ಟಲೆ ಬರೆದು ಜೋಪಾನ ಮಾಡುವವಳಿಗೆ ನಾಚಿಕೆ ಮಾತ್ರ ಸಾಲದು. ಇಂಥ ಕತೆಯ ಜೀವ ಇರುವುದು ಕಾಗದದಲ್ಲಿ ಏನಿದೆ ಅನ್ನುವುದರಲ್ಲಿ ಅಲ್ಲ, ಅದು ಮನೆ ಬಿಟ್ಟು ಯಾಕೆ ಹೊರಡಲಿಲ್ಲ ಅನ್ನುವುದರಲ್ಲಿ. ಆ ಕಾರಣ ಆ ಮನೆಯೊಳಗೇ ಇರಬೇಕು, ಕೈಗೆ ಸಿಗುವಂತಿರಬೇಕು.

ಹಾಗಾಗಿ ಭಾವನೆಯ ಮಾತು ಬದಿಗಿಟ್ಟು ಕಾಗದದಿಂದಲೇ ಶುರು ಮಾಡಿದೆವು. ಪಾರ್ವತಿಗೆ ಇನ್‌ಲ್ಯಾಂಡ್ ತಂದುಕೊಡುವವರು ಯಾರು? ಕತೆ ನಡೆಯುವುದು 1971ರ ಸುಮಾರಿಗೆ, ಕೂಡು ಕುಟುಂಬದಲ್ಲಿ. ಹೊಸ ಸೊಸೆ ಒಬ್ಬಳೇ ಅಂಚೆ ಕಚೇರಿಗೆ ಹೋಗುವುದಿಲ್ಲ. ಮಾವ ಪೇಟೆಗೆ ಹೋದಾಗ ಬೇಕಾದಷ್ಟೇ ತರುತ್ತಾರೆ. ಕಟ್ಟುಗಟ್ಟಲೆ ಇನ್‌ಲ್ಯಾಂಡ್ ಕೊಂಡು ಒಂದನ್ನೂ ಹಾಕದಿದ್ದರೆ ಪೋಸ್ಟ್ ಮಾಸ್ಟರೇ ಮಾವನ ಹತ್ತಿರ ಕೇಳುತ್ತಿದ್ದರು. ಇನ್‌ಲ್ಯಾಂಡ್ ಆಗಲ್ಲ ಅಂತಾಯಿತು. ಮತ್ತೆ ಯಾವ ಕಾಗದ? ಲೇಖಕಿ ಸ್ವಲ್ಪ ಯೋಚಿಸಿ, ಮನೆಯಲ್ಲಿ ಶಾಲೆಗೆ ಹೋಗುವ ಮೈದುನ ಇದ್ದಾನಲ್ಲ, ಅವನ ನೋಟ್‌ಬುಕ್ಕಿನ ಹಾಳೆ ಅಂದರು. ಅಲ್ಲಿಂದ ಕತೆಗೆ ಉಸಿರು ಬಂತು. ಈಗಿನ ರೂಪದಲ್ಲಿ ಪಾರ್ವತಿಯ ಒಂದು ಕಾಗದದ ಹಿಂದೆ ಹದಿನೇಳರ ಮಗ್ಗಿ ಇದೆ. ಹದಿನೇಳು ಎಂಟಲ ನೂರ ಮೂವತ್ತೆರಡು ಅಂತ ಬರೆದು, ಮೇಷ್ಟ್ರ ಕೆಂಪು ಶಾಯಿಯಲ್ಲಿ ಹೊಡೆಸಿಕೊಂಡದ್ದು. ಈರಪ್ಪನ ಕಣ್ಣಿಗೆ ಮೊದಲು ಬೀಳುವುದು ಆ ಮಗ್ಗಿ. ತಮ್ಮನ ಹಳೇ ಪುಸ್ತಕದ ಹಾಳೆ ಅಂದುಕೊಂಡು ಒಲೆಗೆ ಹಾಕಲು ಹೋಗಿ ತಿರುಗಿಸುತ್ತಾರೆ.

ಇನ್ನು ಅವು ಸಿಗುವ ಜಾಗ. ಶಾಂತಳ್ಳಿ ಕಡೆಯ ಮಳೆ ಗೊತ್ತಿದ್ದವರು ಬೀರು ಅನ್ನುವುದನ್ನು ಒಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಮರದ ಬೀರುವಿನಲ್ಲಿ ನಾಲ್ಕೈದು ದಶಕ ಇಟ್ಟ ನೋಟ್‌ಬುಕ್ ಹಾಳೆ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ, ಇಲ್ಲವೇ ಗೆದ್ದಲಿನ ಪಾಲಾಗಿರುತ್ತದೆ. ನೀರಿಗೆ ಹರಡುವ ಶಾಯಿಯಾದರೆ ಅಕ್ಷರವೂ ಉಳಿಯುವುದಿಲ್ಲ. ಆ ಮನೆಗಳಲ್ಲಿ ವರ್ಷವಿಡೀ ಒಣಗಿರುವ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಬಿತ್ತನೆ ಬೀಜ, ಏಲಕ್ಕಿ, ಹೀಗೆ ಕೆಡಬಾರದ ವಸ್ತುವೆಲ್ಲ ಅಲ್ಲಿಗೆ ಏರುತ್ತದೆ. ಹೊಗೆ ಹುಳುವನ್ನೂ ದೂರ ಇಡುತ್ತದೆ. ಆದರೆ ಹೊಗೆಗೂ ಬೆಲೆ ತೆರಬೇಕು. ಕಾಗದ ಕಂದು ಬಣ್ಣಕ್ಕೆ ತಿರುಗುತ್ತದೆ, ಮಡಿಕೆ ಬಿದ್ದ ಕಡೆ ಬಿಡಿಸಿದರೆ ತುಂಡಾಗುತ್ತದೆ.

ಅಟ್ಟ ಅಂತಾದ ಮೇಲೆ, ಇಷ್ಟು ವರ್ಷ ಗಂಡನ ಕಣ್ಣಿಗೆ ಯಾಕೆ ಬೀಳಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅವರು ಅಡುಗೆಮನೆಯಲ್ಲಿ ಊಟಕ್ಕೆ ಕೂತವರೇ ಹೊರತು ಅಟ್ಟಕ್ಕೆ ಕೈ ಹಾಕಿದವರಲ್ಲ. ಈಗ ಒಬ್ಬರೇ ಅಡುಗೆ ಮಾಡಿಕೊಳ್ಳಬೇಕು. ಮೀನು ಸಾರಿಗೆ ಹುಳಿ ಹಿಂಡಲು ಕಾಚಂಪುಳಿ ಬೇಕು. ಮಗಳಿಗೆ ಫೋನ್ ಮಾಡಿದರೆ, 'ಅಪ್ಪ, ಅಮ್ಮ ಅಟ್ಟದ ಮೇಲೆ ಎಡಗಡೆ ಶೀಸೆ ಇಡ್ತಿದ್ರು, ನೋಡಿ' ಅನ್ನುತ್ತಾಳೆ. ಶೀಸೆ ಹುಡುಕುವ ಕೈಗೆ ಬಿಸ್ಕತ್ತಿನ ಡಬ್ಬ ಸಿಗುತ್ತದೆ. ಹಳೆಯ ಕರಡಿನಲ್ಲಿ ಅವರು ದುಃಖ ತಡೆಯಲಾರದೆ ಬೀರು ತೆಗೆದಿದ್ದರು. ಈಗ ಹಸಿವಿಗೆ ಅಟ್ಟ ಹತ್ತುತ್ತಾರೆ. ನನಗೆ ಇದೇ ಹೆಚ್ಚು ನಂಬಿಕೆಯಾಗುತ್ತದೆ.

ಇಲ್ಲಿಗೆ ಸಾಮಾನು ಸರಿಯಾಯಿತು, ಕತೆ ಇನ್ನೂ ಆಗಿರಲಿಲ್ಲ. ತಿರುವು ಬಂದದ್ದು ಕೂಟದ ನಿವೃತ್ತ ಸುಬೇದಾರರೊಬ್ಬರ ಮಾತಿನಿಂದ. ಅವರು ಕೇಳಿದ್ದು ಇಷ್ಟೇ: 'ಅಮ್ಮ, ಇವಳು ಕಳಿಸದ ಕಾಗದ ಸರಿ. ಕಳಿಸಿದ ಕಾಗದ ಎಲ್ಲಿ?'

ಹೌದಲ್ವಾ? ಗಂಡ ಸೈನ್ಯದಲ್ಲಿದ್ದಾನೆ. ತಿಂಗಳಿಗೊಂದಾದರೂ ಕಾಗದ ಮನೆಯಿಂದ ಹೋಗಿಯೇ ಹೋಗಿರುತ್ತದೆ. ಅದರಲ್ಲೇನು ಬರೆದಿದ್ದಳು? ಲೇಖಕಿ ಅದನ್ನು ಯೋಚಿಸಿಯೇ ಇರಲಿಲ್ಲ. ಸುಬೇದಾರರು ಮುಂದುವರಿಸಿದರು: ಸೈನಿಕನ ವಿಳಾಸದಲ್ಲಿ ನಂಬರು, ಹುದ್ದೆ, ಹೆಸರು, ಯೂನಿಟ್ಟು, ಕೊನೆಗೆ 56 ಎ.ಪಿ.ಒ., ಅಂದರೆ ಸೈನ್ಯದ ಅಂಚೆ ಕಚೇರಿ. ಊರಿನ ಹೆಸರೇ ಇರುವುದಿಲ್ಲ. ಹೆಂಡತಿಗೆ ಗಂಡ ಎಲ್ಲಿದ್ದಾನೆ ಅಂತ ಗೊತ್ತಾಗುವುದಿಲ್ಲ. ಕಾಗದ ತಲುಪಿದ ಮೇಲೂ ಅದು ಒಬ್ಬನದಲ್ಲ. 'ಒಬ್ಬನಿಗೆ ಮನೆಯಿಂದ ಕಾಗದ ಬಂದರೆ ಬ್ಯಾರಕ್ಕಿಗೇ ಬಂದ ಹಾಗೆ. ಓದು ಓದು ಅಂತ ಪೀಡಿಸ್ತಾರೆ. ಓದಲು ಬಾರದವನಿಗೆ ಇನ್ನೊಬ್ಬ ಓದಿ ಹೇಳ್ತಾನೆ.'

ಆಗ ಲೇಖಕಿ ಮಾಡಿದ್ದನ್ನು ನಾನು ಈ ಪ್ರಕರಣದ ಮುಖ್ಯ ಹೆಜ್ಜೆ ಅಂತ ಎಣಿಸುತ್ತೇನೆ. ಕಳಿಸದ ಪ್ರತಿ ಕಾಗದಕ್ಕೂ ಕಳಿಸಿದ ಒಂದು ಜೋಡಿ ಕೊಟ್ಟರು. ಪಾರ್ವತಿ ಒಂದೇ ದಿನ ಎರಡು ಬರೆಯುತ್ತಾಳೆ. ಇನ್‌ಲ್ಯಾಂಡಿನಲ್ಲಿ ಒಂದು, ರಾತ್ರಿ ಮೈದುನನ ಹಾಳೆಯಲ್ಲಿ ಒಂದು. ಮೊದಲನೆಯದು ಹೋಗುತ್ತದೆ, ಎರಡನೆಯದು ಅಟ್ಟ ಸೇರುತ್ತದೆ. ಕಳಿಸಿದ ಕಾಗದಗಳಲ್ಲಿ ಕೆಲವನ್ನು ಈರಪ್ಪ ತಮ್ಮ ಕರಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸೈನ್ಯದ ನಂಬರು ಬರೆದ ಟ್ರಂಕು. ಅವರು ಮನೆಗೆ ಬರೆದ ಉತ್ತರಗಳು ಜಗುಲಿಯ ಗೋಡೆಯಲ್ಲಿ ಕೊಕ್ಕೆ ತಂತಿಗೆ ಚುಚ್ಚಿ ನೇತಾಡುತ್ತಿವೆ. ಆಗೆಲ್ಲ ಮನೆಗೆ ಬಂದ ಕಾಗದ ಹಾಗೇ ಇರುತ್ತಿತ್ತು, ಬಂದ ನೆಂಟರೂ ತೆಗೆದು ಓದುತ್ತಿದ್ದರು. ಅಟ್ಟ, ಟ್ರಂಕು, ತಂತಿ. ಮುದುಕ ಈ ಮೂರರ ನಡುವೆ ಓಡಾಡುತ್ತಾರೆ. ಮೊದಲ ಕರಡಿನಲ್ಲಿ ಕುರ್ಚಿಯಲ್ಲಿ ಕೂತು ಓದಿ ಅಳುವುದೊಂದೇ ಅವರ ಕೆಲಸವಾಗಿತ್ತು.

ಆದರೆ ಜೋಡಿ ಹೊಂದಿಸುವುದು ಹೇಗೆ? ಅಟ್ಟದ ಹಾಳೆಗಳಲ್ಲಿ ತಾರೀಕು ಇರಬಾರದು ಅಂತ ನಾವು ಹಟ ಹಿಡಿದೆವು. ತನಗಾಗಿ ಬರೆದುಕೊಳ್ಳುವವಳು ತಾರೀಕು ಹಾಕುವುದಿಲ್ಲ. ಅವಳ ಕಾಲ ಹಬ್ಬದಲ್ಲಿ, ಕೊಯ್ಲಿನಲ್ಲಿ, ದನದ ಕರುವಿನಲ್ಲಿ ಇರುತ್ತದೆ. ಟ್ರಂಕಿನ ಇನ್‌ಲ್ಯಾಂಡಿನ ಮೇಲೆ ಅಂಚೆ ಮುದ್ರೆ ಇದೆ. ಮುದ್ರೆ ಮಾಸಿದ್ದರೂ ಕಳಿಸಿದವರ ವಿಳಾಸ ಒಂದಿಷ್ಟು ಹೇಳುತ್ತದೆ. ಕರಡಿನಲ್ಲಿ ಲೇಖಕಿ 1971ರ ಕಾಗದಕ್ಕೆ 'ಕರ್ನಾಟಕ, ಪಿನ್ 571236' ಅಂತ ಹಾಕಿದ್ದರು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಹಾಗಾಗಿ ಯುದ್ಧದ ವರ್ಷದ ಕಾಗದದಲ್ಲಿ 'ಕೊಡಗು ಜಿಲ್ಲೆ, ಮೈಸೂರು ರಾಜ್ಯ' ಅಂತ ಮಾತ್ರ ಇರಬೇಕು. ತಪ್ಪು ತಿದ್ದಿದ್ದಷ್ಟೇ ಅಲ್ಲ, ಅದು ಈರಪ್ಪನ ಕೈಗೆ ಉಪಕರಣವೂ ಆಯಿತು. ಅವರು ಟ್ರಂಕಿನ ಕಾಗದಗಳನ್ನು ಮೈಸೂರು ಒಂದು ಕಡೆ, ಕರ್ನಾಟಕ ಒಂದು ಕಡೆ ಅಂತ ಜಗುಲಿಯ ಮೇಲೆ ಹರಡುತ್ತಾರೆ. ಹವಾಲ್ದಾರರ ಶಿಸ್ತು!

ಜೋಡಿಯೊಂದನ್ನು ಪೂರ್ತಿ ಕೊಡುತ್ತೇನೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುವುದು ನವೆಂಬರ್ ಕೊನೆ, ಡಿಸೆಂಬರ್ ಮೊದಲರ್ಧದ ಸುಮಾರಿಗೆ. 1971ರ ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ. ಎರಡೂ ಹತ್ತಿರ ಹತ್ತಿರ. ಹುತ್ತರಿಯಲ್ಲಿ ಗದ್ದೆಗೆ ಹೋಗಿ ಕದಿರು ಕೊಯ್ಯುವಾಗ ಕೋವಿ ಹಾರಿಸುತ್ತಾರೆ. ಲೇಖಕಿಗೆ ಬೇಕಾದದ್ದೆಲ್ಲ ಇಷ್ಟರಲ್ಲೇ ಇತ್ತು. ಟ್ರಂಕಿನ ಕಾಗದ ಹೀಗಿದೆ:

'ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು. ಹುತ್ತರಿ ಚೆನ್ನಾಗಿ ಆಯಿತು. ಕದಿರು ತಂದರು. ಮಾವನವರ ಮಂಡಿನೋವು ಸ್ವಲ್ಪ ಕಡಿಮೆ. ಕಾಫಿ ಕೊಯ್ಲಿಗೆ ಆಳು ಸಿಗುತ್ತಿಲ್ಲ. ಕೆಂಪಿ ಕರು ಹಾಕಿದೆ, ಹೆಣ್ಣು. ಅತ್ತೆಯವರು ನಿಮ್ಮ ಆರೋಗ್ಯ ನೋಡಿಕೊಳ್ಳಲು ಹೇಳಿದ್ದಾರೆ.'

ಅಟ್ಟದ ಹಾಳೆಗೆ ಒಕ್ಕಣೆಯೇ ಇಲ್ಲ. ನೇರವಾಗಿ ಶುರುವಾಗುತ್ತದೆ:

'ಕದಿರು ಕೊಯ್ಯುವಾಗ ಕೋವಿ ಹೊಡೆದರು. ಎಲ್ಲರೂ ಪೊಲಿ ಪೊಲಿ ದೇವಾ ಅಂತ ಕೂಗಿದರು. ನನಗೆ ಬಾಯಿ ಬರಲಿಲ್ಲ. ಅಲ್ಲೂ ಇಂಥದೇ ಸದ್ದಾ? ಇವತ್ತು ರೇಡಿಯೋದಲ್ಲಿ ಯುದ್ಧ ಅಂದರು. ನಿಮ್ಮ ವಿಳಾಸದಲ್ಲಿ ಊರಿಲ್ಲ. 56 ಅಂತ ಬರೆದರೆ ಮನಸ್ಸು ಎಲ್ಲಿಗೆ ಅಂತ ಹೋಗಬೇಕು? ಕರು ಹಾಕಿದ ರಾತ್ರಿ ಲಾಟೀನು ಹಿಡಿದು ನಿಂತಿದ್ದೆ. ನೀವಿದ್ದಿದ್ದರೆ ಲಾಟೀನು ನೀವು ಹಿಡೀತಿದ್ರಿ. ನಾನು ಕರು ನೋಡೋದು ಬಿಟ್ಟು ನಿಮ್ಮ ಮುಖ ನೋಡ್ತಿದ್ದೆ.'

ಕೆಂಪಿಯ ಕರು ಎರಡರಲ್ಲೂ ಇದೆ. ಈರಪ್ಪ ಜೋಡಿ ಹಿಡಿಯುವುದು ಆ ಕರುವಿನಿಂದ. ಪ್ರೀತಿ ಅನ್ನುವ ಮಾತು ಹಾಳೆಯಲ್ಲಿ ಎಲ್ಲೂ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಮೊದಲ ಕರಡಿನ ಹನ್ನೊಂದು ಕಾಗದಗಳ ಜಾಗದಲ್ಲಿ ಈಗ ಇಂಥ ಮೂರು ಜೋಡಿ ಇವೆ. ಜಾಸ್ತಿ ಹಾಕಿದರೆ ಓದುಗನಿಗೆ ಆಟ ಗೊತ್ತಾಗಿಬಿಡುತ್ತದೆ. ನಾಲ್ಕನೆಯದಕ್ಕೆ ಅವನು ಮುಂದಿನದನ್ನು ತಾನೇ ಊಹಿಸಿ ಪುಟ ತಿರುಗಿಸುತ್ತಾನೆ.

ಈಗ ಮೂಲ ಪ್ರಶ್ನೆಗೆ ಬರೋಣ. ಎರಡನೇ ಕಾಗದ ಯಾಕೆ ಹೋಗಲಿಲ್ಲ? ತಿದ್ದಿದ ಮೊದಲ ರೂಪದಲ್ಲಿ ಲೇಖಕಿ ಅದನ್ನು ಪಾರ್ವತಿಯ ಬಾಯಲ್ಲೇ ಹೇಳಿಸಿದ್ದರು: 'ಮಾವ ಓದಿ ಆಮೇಲೆ ಅಂಟಿಸ್ತಾರೆ, ಹಾಗಾಗಿ ಅದರಲ್ಲಿ ಏನೂ ಬರೆಯಲ್ಲ.' ಕಾರಣ ಗಟ್ಟಿಯಾಗಿತ್ತು. ಆದರೆ ಅವಳು ಹೇಳಿದ ತಕ್ಷಣ ಅದು ಮಾವನ ಮೇಲಿನ ದೂರು ಆಗಿಬಿಡುತ್ತದೆ. ಈರಪ್ಪನಿಗೂ ತಿಳಿದುಕೊಳ್ಳಲು ಏನೂ ಉಳಿಯುವುದಿಲ್ಲ. ಆ ಸಾಲು ತೆಗೆಯಲು ಹೇಳಿದೆವು. ಹಾಗಾದರೆ ಗಂಡನಿಗೆ ಗೊತ್ತಾಗುವುದು ಹೇಗೆ ಅಂತ ಅವರು ಕೇಳಿದರು. ಸರಿಯಾದ ಪ್ರಶ್ನೆ.

ಉತ್ತರ ಅವರೇ ತಂದರು. ಮಲೆನಾಡಿನ ಮಳೆಗಾಲದಲ್ಲಿ ಇನ್‌ಲ್ಯಾಂಡಿನ ಅಂಟು ತೇವಕ್ಕೆ ಮೊದಲೇ ಹಾಳಾಗಿರುತ್ತದೆ. ಮನೆಯ ಹಿರಿಯರು ಊಟ ಮಾಡಿ ಏಳುವಾಗ ನಾಲ್ಕು ಅಗುಳು ತೆಗೆದುಕೊಂಡು ಹೆಬ್ಬೆರಳಿನಲ್ಲಿ ಹಿಸುಕಿ ಅಂಟಿಸುತ್ತಾರೆ. ಈರಪ್ಪನ ಅಪ್ಪನಿಗೆ ಅದೇ ಚಾಳಿ. ಹರಿದ ರಸೀದಿಯಿರಲಿ, ಪಂಚಾಂಗದ ರಟ್ಟಿರಲಿ, ಎಲ್ಲಕ್ಕೂ ಅಗುಳು. ಕತೆಯ ಮೊದಲ ಪುಟದಲ್ಲೇ ಇದು ಸುಮ್ನೆ ತಮಾಷೆಯಾಗಿ ಬಂದು ಹೋಗುತ್ತದೆ. ಕೊನೆಯಲ್ಲಿ ಈರಪ್ಪ ಟ್ರಂಕಿನ ಇನ್‌ಲ್ಯಾಂಡನ್ನು ಬೆಳಕಿಗೆ ಹಿಡಿದಾಗ ಮಡಿಕೆಯ ಅಂಚಿನಲ್ಲಿ ಒಣಗಿ ಗಾಜಿನಂತಾದ ಅಗುಳು ಕಾಣುತ್ತದೆ. ಅದರ ಮೇಲೆ ದಪ್ಪ ಹೆಬ್ಬೆರಳಿನ ಗುರುತು. ಇನ್ನೊಂದು ತೆಗೆಯುತ್ತಾರೆ, ಅದರಲ್ಲೂ ಅಗುಳು. ಬೇಸಗೆಯಲ್ಲಿ ಬಂದವುಗಳಲ್ಲೂ ಇದೆ, ಅಂಟು ಹಾಳಾಗುವ ಕಾಲವೇ ಅಲ್ಲ ಅದು. ಅಂದರೆ ಹೆಂಡತಿ ಪ್ರತಿ ಸಲ ಕಾಗದವನ್ನು ತೆರೆದೇ ಕೊಟ್ಟಿದ್ದಾಳೆ. ಅಂಟಿಸಿದ್ದು ಅಪ್ಪ.

ಕತೆ ಇಷ್ಟನ್ನೇ ಹೇಳುತ್ತದೆ, ಅಪ್ಪ ಓದಿದರು ಅಂತ ಹೇಳುವುದಿಲ್ಲ. ಇದರ ಹಿಂದೆಯೇ ಒಂದು ನೆನಪು ಬರುತ್ತದೆ. ಮದುವೆಯಾದ ಹೊಸತರಲ್ಲಿ ರಜೆಗೆ ಬಂದಾಗ ಈರಪ್ಪ ಹೆಂಡತಿಗೆ ಹೇಳಿದ್ದರು: 'ನಿನ್ನ ಕಾಗದಕ್ಕಿಂತ ರೇಷನ್ ಚೀಟಿ ವಾಸಿ, ಅದರಲ್ಲಿ ಸಕ್ಕರೆಯಾದರೂ ಇರುತ್ತೆ.' ಪಾರ್ವತಿ ನಕ್ಕಿದ್ದಳು. ಅಪ್ಪನೂ ಅಲ್ಲೇ ಕೂತಿದ್ದರು, ಅವರೂ ನಕ್ಕಿದ್ದರು. ಅಪ್ಪ ಕೆಟ್ಟವರಲ್ಲ ಅನ್ನುವುದು ಇಲ್ಲಿ ಮುಖ್ಯ. ಸೊಸೆಯ ಕಾಗದ ಓದುವುದು ತಪ್ಪು ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮನೆಯ ಕಾಗದ ಮನೆಯವರೆಲ್ಲರದ್ದು, ತಂತಿಗೆ ಚುಚ್ಚಿದ ಕಾಗದದ ಹಾಗೆಯೇ. ಕೂಟದಲ್ಲಿ ಒಬ್ಬರು ಮಾವನನ್ನು ಇನ್ನಷ್ಟು ಕಟುವಾಗಿ ಮಾಡಿ ಅಂದರು. ನಾನು ಒಪ್ಪಲಿಲ್ಲ. ಕಟು ಮಾಡಿದರೆ ಈರಪ್ಪನಿಗೆ ಅಪ್ಪನ ಮೇಲೆ ಸಿಟ್ಟು ಬಂದು ಕತೆ ಹಗುರಾಗುತ್ತದೆ. ಈಗ ಅವರಿಗೆ ಸಿಟ್ಟು ಮಾಡಲು ಯಾರೂ ಸಿಗುವುದಿಲ್ಲ.

ಇನ್ನೊಂದು ಗಂಟು ಉಳಿದಿತ್ತು. ಮಾವ ತೀರಿಕೊಂಡರು, ಈರಪ್ಪ ನಿವೃತ್ತಿಯಾಗಿ ಊರಿಗೆ ಬಂದರು. ಆಮೇಲೆ ಎಷ್ಟೋ ವರ್ಷ ಇಬ್ಬರೇ ಒಂದೇ ಮನೆಯಲ್ಲಿದ್ದರು. ಆಗಲಾದರೂ ಡಬ್ಬ ಇಳಿಸಿ ಕೊಡಬಹುದಿತ್ತಲ್ಲ? ಇಂಥ ಕತೆಗಳು ಹೆಚ್ಚಾಗಿ ಕಂತುವುದು ಇಲ್ಲೇ. ಹೆಂಡತಿಯನ್ನು ಕೊನೆವರೆಗೂ ಮೌನವಾಗಿ ಕೊರಗುವವಳನ್ನಾಗಿ ಮಾಡಿಬಿಡುತ್ತವೆ. ಲೇಖಕಿ ಬೇರೆ ದಾರಿ ಹಿಡಿದರು. ಡಬ್ಬದ ತಳದಲ್ಲಿರುವ ಹಾಳೆಗಳ ಖಾಲಿ ಜಾಗದಲ್ಲಿ ಪಾರ್ವತಿಯದೇ ಅಕ್ಷರದಲ್ಲಿ ಹಾಲಿನ ಲೆಕ್ಕ ಇದೆ. ಒಳ್ಳೆಮೆಣಸು ಮಾರಿದ ದುಡ್ಡಿನ ಲೆಕ್ಕ ಇದೆ. ಒಂದು ಹಾಳೆಯಲ್ಲಿ 'ನಿಮ್ಮ ಷರ್ಟಿನ ವಾಸನೆ ಹೋಗಬಾರದು ಅಂತ ಒಗೆದಿಲ್ಲ' ಅನ್ನುವ ಸಾಲಿನ ಪಕ್ಕದಲ್ಲೇ, ಎಷ್ಟೋ ವರ್ಷದ ನಂತರದ ಬಾಲ್ ಪೆನ್ನಿನಲ್ಲಿ, ಆಳಿನ ಬಟವಾಡೆ ಕೂಡಿಸಿದ್ದಾಳೆ.

ಕೂಟದಲ್ಲಿ ಇದಕ್ಕೆ ಜೋರು ಜಗಳ ಆಯಿತು. ಪ್ರೇಮಪತ್ರದ ಮೇಲೆ ಲೆಕ್ಕ ಬರೆದರೆ ಪ್ರೀತಿ ಏನಾಯಿತು ಅಂತ ಕೆಲವರ ತಕರಾರು. ನನಗೆ ಇದೇ ಕತೆಯ ಅತಿ ಒಳ್ಳೆಯ ಜಾಗ. ಗಂಡ ಮನೆಗೆ ಬಂದ ಮೇಲೆ ಅವಳಿಗೆ ಕಾಗದದ ಕೆಲಸ ಮುಗಿದಿತ್ತು. ಅಡಗಿಸಿಟ್ಟಿದ್ದು ಅಂತಲೂ ಅಲ್ಲ, ಉಳಿದ ಹಾಳೆ ವ್ಯರ್ಥವಾಗಬಾರದು ಅಷ್ಟೇ. ನಲವತ್ತು ವರ್ಷ ತಡವಾಗಿ ಓದಿ ಕರಗಿಹೋಗುತ್ತಿರುವವರು ಈರಪ್ಪ ಒಬ್ಬರೇ. ಅವಳು ಯಾವಾಗಲೋ ಮುಂದೆ ಹೋಗಿದ್ದಳು.

ಕತೆಯ ಕೊನೆಯಲ್ಲಿ ಹೊಳೆಯೂ ಇಲ್ಲ, ಬೆಂಕಿಯೂ ಇಲ್ಲ. ಮಗಳು ಮತ್ತೆ ಫೋನ್ ಮಾಡಿ ಶೀಸೆ ಸಿಕ್ತಾ ಅನ್ನುತ್ತಾಳೆ. ಸಿಕ್ತು ಅನ್ನುತ್ತಾರೆ. ಮೀನು ಸಾರು ಹೇಗಾಯ್ತು ಅಂದರೆ, ಹುಳಿ ಜಾಸ್ತಿ ಆಯ್ತು ಅನ್ನುತ್ತಾರೆ. ಮಗಳಿಗೆ ಕಾಗದದ ವಿಷಯ ಹೇಳಬೇಕೋ ಬೇಡವೋ ಅನ್ನುವುದನ್ನು ಲೇಖಕಿ ಬಿಡಿಸಿ ಹೇಳಿಲ್ಲ. ಅಲ್ಲಿ ನನಗೆ ಸ್ವಲ್ಪ ಅವಸರ ಕಾಣುತ್ತದೆ. ಅಗುಳು ಕಂಡ ಮೇಲೆ ಓದುಗನಿಗೆ ಇನ್ನೊಂದು ಪುಟದಷ್ಟು ಹೊತ್ತು ಬೇಕು.

ಆ ಪುಟ ಎಲ್ಲಿಂದ ಬರಬಹುದು ಅಂತಲೂ ಮಾತಾಡಿದೆವು. ಮೈದುನ ಇನ್ನೂ ಬದುಕಿದ್ದಾನೆ, ಕುಶಾಲನಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ನೋಟ್‌ಬುಕ್ಕಿನ ಹಾಳೆ ಹರಿದದ್ದಕ್ಕೆ ಮೇಷ್ಟ್ರ ಹತ್ತಿರ ಏಟು ತಿಂದವನು ಅವನೇ. ಹರಿದದ್ದು ಅತ್ತಿಗೆ ಅಂತ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲವೋ ಅಥವಾ ಅವನಿಗೂ ಗೊತ್ತಿರಲಿಲ್ಲವೋ ಅನ್ನುವುದು ಕತೆಗೆ ಸೇರಬೇಕು. ಈರಪ್ಪ ಮಗ್ಗಿಯ ಹಾಳೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಕುಶಾಲನಗರದ ಬಸ್ಸು ಹತ್ತುವ ದೃಶ್ಯವನ್ನು ಲೇಖಕಿ ಈಗ ಬರೆಯುತ್ತಿದ್ದಾರೆ.